ಕಿಕ್ ಬಡಿದಾಗ ಬೇಸ್ ಎಲ್ಲಿ ಹೋಗುತ್ತದೆ? ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಮಾಸ್ಕಿಂಗ್ ಹುಡುಕುವ ಬಗೆ

ಬೇಸ್ ಟ್ರ್ಯಾಕನ್ನು ಸೋಲೋ ಮಾಡಿ ಕೇಳಿದರೆ ಚೆನ್ನಾಗಿದೆ. ಒಂದೊಂದು ಸ್ವರವೂ ದುಂಡಗೆ ಕೇಳುತ್ತದೆ. ಕಿಕ್ ಸೋಲೋ ಮಾಡಿದರೆ ಅದೂ ಗಟ್ಟಿಯಾಗಿದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಮಾತ್ರ ಕೆಳಗೆಲ್ಲ ಒಂದೇ ಮುದ್ದೆ. ಬೇಸ್ ಫೇಡರ್ ಏರಿಸಿದರೆ ಕಿಕ್ ಮಂಕಾಗುತ್ತದೆ. ಕಿಕ್ ಏರಿಸಿದರೆ ಬೇಸ್ ಮುಳುಗುತ್ತದೆ. ಹೀಗೆ ಒಂದಾದ ಮೇಲೊಂದು ಏರಿಸುತ್ತಾ ಹೋಗಿ ಕೊನೆಗೆ ಮಾಸ್ಟರ್ ಮೀಟರ್ ಕೆಂಪಾಗುತ್ತದೆ, ಬೇಸ್ ನುಡಿಸಿದ ಸ್ವರ ಯಾವುದೆಂದು ಆಗಲೂ ತಿಳಿಯುವುದಿಲ್ಲ.

ಮನೆಯಲ್ಲಿ ಮಿಕ್ಸ್ ಮಾಡುವ ಎಲ್ಲರಿಗೂ ಈ ಪಾಡು ಗೊತ್ತು. ಇದಕ್ಕೆ ಬಹುತೇಕ ಕಾರಣ ಮಾಸ್ಕಿಂಗ್. ಅಂದರೆ ಒಂದು ಸದ್ದು ಇನ್ನೊಂದನ್ನು ಮರೆಮಾಡುವುದು. ಇಲ್ಲಿ ಒಂದೇ ಹಾಡನ್ನು ಇಟ್ಟುಕೊಂಡು, ಅದರ ಕಿಕ್ ಮತ್ತು ಬೇಸ್ ಎಲ್ಲಿ ಡಿಕ್ಕಿ ಹೊಡೆಯುತ್ತಿವೆ ಎಂದು ಹುಡುಕಿ ಸರಿಮಾಡೋಣ. ಗಿಟಾರ್ ಮತ್ತು ಗಾಯನದ ನಡುವಿನ ಜಗಳಕ್ಕೂ ದಾರಿ ಹೆಚ್ಚುಕಡಿಮೆ ಇದೇ. ಎಲ್ಲಿ ಬೇರೆಯಾಗುತ್ತದೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಹಾಡು ಎ ಮೈನರ್‌ನಲ್ಲಿದೆ. ವೇಗ ನಿಮಿಷಕ್ಕೆ 96 ಬೀಟ್. ಕಾರ್ಡ್‌ಗಳು ಎ ಮೈನರ್, ಎಫ್, ಸಿ, ಜಿ. ಬೇಸ್ ಗಿಟಾರ್ ಎಂಟನೇ ನೋಟುಗಳಲ್ಲಿ ಎಡೆಬಿಡದೆ ಓಡುತ್ತದೆ. ಕಿಕ್ ಒಂದು ಮತ್ತು ಮೂರನೇ ಬೀಟಿನಲ್ಲಿ ಬೀಳುತ್ತದೆ, ಆಗೊಮ್ಮೆ ಈಗೊಮ್ಮೆ ಮಧ್ಯದಲ್ಲೂ. ದೂರು ಏನೆಂದರೆ, ಎ ಮೈನರ್ ಬಂದಾಗ ಬೇಸ್ ಸ್ವರ ಕಿಕ್ ಒಳಗೆ ಕರಗಿಹೋಗುತ್ತದೆ. ಎಫ್ ಬಂದಾಗ ಅಷ್ಟು ತೊಂದರೆ ಇಲ್ಲ.

## ಕಿವಿಯೊಳಗೆ ಆಗುವುದೇನು

ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಉದ್ದಕ್ಕೂ ಒಂದು ಪೊರೆ. ಒಂದೊಂದು ಫ್ರೀಕ್ವೆನ್ಸಿಗೆ ಪೊರೆಯ ಒಂದೊಂದು ಜಾಗ ಜೋರಾಗಿ ಅಲುಗುತ್ತದೆ. ಎರಡು ಸದ್ದುಗಳ ಫ್ರೀಕ್ವೆನ್ಸಿ ಹತ್ತಿರವಿದ್ದರೆ ಎರಡೂ ಒಂದೇ ಜಾಗವನ್ನು ಅಲುಗಿಸುತ್ತವೆ. ಆಗ ಜೋರಾಗಿರುವುದೇ ಗೆಲ್ಲುತ್ತದೆ. ಮೆಲ್ಲಗಿರುವುದು ಗಾಳಿಯಲ್ಲಿ ಇದ್ದರೂ, ಮೀಟರಿನಲ್ಲಿ ಕಂಡರೂ, ಮಿದುಳಿಗೆ ಬೇರೆಯಾಗಿ ಮುಟ್ಟುವುದಿಲ್ಲ.

ಇನ್ನೊಂದು ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮರೆಮಾಡುವುದು ಎರಡೂ ಕಡೆಗೆ ಸಮನಾಗಿ ಹರಡುವುದಿಲ್ಲ. ಜೋರಾದ ಕೆಳಗಿನ ಸದ್ದು ತನಗಿಂತ ಮೇಲಿನದನ್ನು ಸುಲಭವಾಗಿ ಮುಚ್ಚುತ್ತದೆ. ಮೇಲಿನ ಸದ್ದು ಕೆಳಗಿನದನ್ನು ಅಷ್ಟಾಗಿ ಮುಚ್ಚುವುದಿಲ್ಲ. ಹಾಗಾಗಿ 58 ಹರ್ಟ್ಸ್‌ನಲ್ಲಿ ಗುದ್ದುವ ಕಿಕ್, ಬೇಸಿನ 55 ಹರ್ಟ್ಸ್ ಜೊತೆಗೆ ಅದರ 110 ಹರ್ಟ್ಸ್ ಅನ್ನೂ ಒಂದಿಷ್ಟು ನುಂಗಬಹುದು.

ಅನಲೈಸರ್ ಇದ್ಯಾವುದನ್ನೂ ತೋರಿಸುವುದಿಲ್ಲ. ಅದು ತೋರಿಸುವುದು ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿ ಇದೆ ಎಂದು, ಅಷ್ಟೇ. ಎರಡು ಗೆರೆಗಳು ಒಂದರ ಮೇಲೊಂದು ಬಿದ್ದ ಮಾತ್ರಕ್ಕೆ ಮಾಸ್ಕಿಂಗ್ ಆಗಿದೆ ಎಂದಲ್ಲ. ಸ್ನೇರ್ ಮತ್ತು ಗಿಟಾರ್ 200 ಹರ್ಟ್ಸ್ ಸುತ್ತ ಯಾವಾಗಲೂ ಒಂದರ ಮೇಲೊಂದು ಕೂತಿರುತ್ತವೆ, ಯಾರಿಗೂ ತೊಂದರೆ ಆಗಿರುವುದಿಲ್ಲ. ದೂರು ಕೊಡಬೇಕಾದದ್ದು ಕಿವಿ. ದೂರಿನ ವಿಳಾಸ ಹುಡುಕಿಕೊಡುವುದು ಅನಲೈಸರ್. ಈ ಕ್ರಮ ತಲೆಕೆಳಗಾದರೆ ಮಿಕ್ಸ್ ಹಾಳಾಗುತ್ತದೆ. ನಾನು ಮೊದಮೊದಲು ಅನಲೈಸರ್ ತೆರೆದು, ಎಲ್ಲೆಲ್ಲಿ ಗೆರೆ ಮುಟ್ಟುತ್ತದೋ ಅಲ್ಲೆಲ್ಲ ಬೇಸನ್ನು 6 ಡೆಸಿಬಲ್ ಕತ್ತರಿಸುತ್ತಿದ್ದೆ. ಪರದೆಯ ಮೇಲೆ ಚಿತ್ರ ಬಹಳ ಅಂದವಾಗಿ ಕಾಣುತ್ತಿತ್ತು. ಮಾರನೇ ದಿನ ಕೇಳಿದರೆ ಹಾಡಿನಲ್ಲಿ ಬೇಸೇ ಇರಲಿಲ್ಲ.

## ಮೊದಲ ಹೆಜ್ಜೆ: ಪರದೆ ಮುಚ್ಚಿ ಕೇಳಿ

ತೊಂದರೆ ಇರುವ ನಾಲ್ಕು ಬಾರ್‌ಗಳನ್ನು ಲೂಪ್ ಮಾಡಿ. ಔಟ್‌ಪುಟ್ಟನ್ನು ಮೋನೋ ಮಾಡಿ. ವಾಲ್ಯೂಮನ್ನು ಪಕ್ಕದಲ್ಲಿ ಮಾತಾಡುವಷ್ಟಕ್ಕೆ ಇಳಿಸಿ. ಮೆಲ್ಲಗೆ ಕೇಳುವಾಗ ಕಿವಿ ಕೆಳಗಿನ ಫ್ರೀಕ್ವೆನ್ಸಿಗಳನ್ನು ಇನ್ನೂ ಕಡಿಮೆ ಹಿಡಿಯುತ್ತದೆ. ಹಾಗಾಗಿ ಅಂಚಿನಲ್ಲಿರುವ ತೊಂದರೆ ಬೇಗ ಹೊರಬರುತ್ತದೆ.

ಈಗ ಪೂರ್ತಿ ಮಿಕ್ಸ್ ಓಡುತ್ತಿರುವಾಗ ಬೇಸಿನ ರಾಗವನ್ನು ಬಾಯಲ್ಲಿ ಗುನುಗಲು ನೋಡಿ. ಎಲ್ಲಿ ತಪ್ಪುತ್ತದೆ, ಎಲ್ಲಿ ಊಹೆ ಮಾಡಬೇಕಾಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ಆಮೇಲೆ ಕಿಕ್ ಅನ್ನು ಮಾತ್ರ ಮ್ಯೂಟ್ ಮಾಡಿ ಮತ್ತೆ ಗುನುಗಿ. ಕಿಕ್ ಹೋದ ತಕ್ಷಣ ಬೇಸ್ ಸ್ಪಷ್ಟವಾದರೆ ಜಗಳ ಈ ಇಬ್ಬರದ್ದೇ. ಕಿಕ್ ಹೋದ ಮೇಲೂ ಬೇಸ್ ಮಸುಕಾಗಿದ್ದರೆ ಅಪರಾಧಿ ಬೇರೆ. ಕೀಬೋರ್ಡಿನ ಎಡಗೈ ಇರಬಹುದು, ರಿವರ್ಬ್ ಇರಬಹುದು, ಗಿಟಾರಿನ ಕೆಳಭಾಗವಿರಬಹುದು. ಸುಮ್ನೆ ಕಿಕ್ ಮೇಲೆ ಕೈ ಹಾಕಬೇಡಿ.

ಹೆಡ್‌ಫೋನಿನಲ್ಲೂ ಒಮ್ಮೆ ಇದನ್ನೇ ಮಾಡಿ. ಇದಕ್ಕೆ ಕಾರಣವಿದೆ. ಎದುರುಬದುರು ಗೋಡೆಗಳ ನಡುವೆ 3 ಮೀಟರ್ ಇರುವ ಕೋಣೆಯಲ್ಲಿ, ಆ ಗೋಡೆಗಳ ನಡುವೆ ನಿಲ್ಲುವ ಮೊದಲ ಅಲೆ ಸುಮಾರು 57 ಹರ್ಟ್ಸ್‌ನದು. ನಮ್ಮ ಕಿಕ್ಕಿನ ಜಾಗವೂ ಹೆಚ್ಚುಕಡಿಮೆ ಅದೇ, ಅಲ್ವಾ? ನೀವು ಕೂತ ಜಾಗದಲ್ಲಿ ಆ ಫ್ರೀಕ್ವೆನ್ಸಿ ಉಬ್ಬಿರಬಹುದು, ಇಲ್ಲವೇ ಪೂರ್ತಿ ಸತ್ತಿರಬಹುದು. ಟ್ರ್ಯಾಕಿನ ಮೇಲೆ ಕೂತ ಅನಲೈಸರಿಗೆ ನಿಮ್ಮ ಕೋಣೆಯ ಗೊಡವೆ ಇಲ್ಲ. ಸ್ಪೀಕರಿನಲ್ಲಿ ಮಾತ್ರ ಇರುವ, ಹೆಡ್‌ಫೋನಿನಲ್ಲಿ ಇಲ್ಲದ ತೊಂದರೆಯನ್ನು ಇಕ್ಯೂ ಹಾಕಿ ಸರಿಮಾಡಲು ಹೋಗಬೇಡಿ.

## ಎರಡನೇ ಹೆಜ್ಜೆ: ಇದು ಮಾಸ್ಕಿಂಗೋ, ಫೇಸ್ ತೊಂದರೆಯೋ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬೇಸ್ ಕಾಣೆಯಾಗಲು ಇನ್ನೊಂದು ಕಾರಣವಿದೆ. ಕಿಕ್ಕಿನ ಅಲೆ ಮೇಲೆ ಹೋಗುವಾಗ ಬೇಸಿನ ಅಲೆ ಕೆಳಗೆ ಹೋದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಮಾಸ್ಕಿಂಗ್‌ನಲ್ಲಿ ಶಕ್ತಿ ಅಲ್ಲೇ ಇರುತ್ತದೆ, ಕಿವಿಗೆ ಬೇರೆ ಮಾಡಿ ಕೇಳಲು ಆಗುವುದಿಲ್ಲ. ಫೇಸ್ ತೊಂದರೆಯಲ್ಲಿ ಶಕ್ತಿಯೇ ಕಳೆದುಹೋಗಿರುತ್ತದೆ. ಔಷಧಿ ಬೇರೆ ಬೇರೆ.

ಪತ್ತೆ ಮಾಡುವುದು ಸುಲಭ. ಕಿಕ್ ಮತ್ತು ಬೇಸ್ ಎರಡನ್ನೂ ಟ್ರ್ಯಾಕ್‌ಗಳನ್ನು ಒಟ್ಟು ಸೇರಿಸುವ ಒಂದೇ ಬಸ್ ಚಾನೆಲ್‌ಗೆ ಕಳುಹಿಸಿ, ಆ ಬಸ್ ಮೇಲೆ ಅನಲೈಸರ್ ಹಾಕಿ. ಕಿಕ್ ಒಂದೇ, ಬೇಸ್ ಒಂದೇ, ಆಮೇಲೆ ಎರಡೂ ಒಟ್ಟಿಗೆ, ಹೀಗೆ ಮೂರು ಸಲ ಓಡಿಸಿ. ಪ್ರತಿ ಸಲವೂ 40ರಿಂದ 80 ಹರ್ಟ್ಸ್ ನಡುವಿನ ಎತ್ತರ ನೋಡಿ. ಒಂದಕ್ಕೊಂದು ಸಂಬಂಧವಿಲ್ಲದ, ಸಮ ಎತ್ತರದ ಎರಡು ಸದ್ದುಗಳು ಸೇರಿದರೆ ಸುಮಾರು 3 ಡೆಸಿಬಲ್ ಏರಬೇಕು. ಪೂರ್ತಿ ಹೊಂದಿಕೊಂಡರೆ 6. ಎರಡೂ ಸೇರಿದಾಗ ಬರುವ ಎತ್ತರ, ಜೋರಾಗಿರುವ ಒಂದಕ್ಕಿಂತಲೂ ಕಡಿಮೆ ಇದ್ದರೆ ಅಲ್ಲಿ ಅಳಿಸಾಟ ನಡೆಯುತ್ತಿದೆ.

ಹಾಗಿದ್ದರೆ ಬೇಸಿನ ಅಲೆಯನ್ನು ತಲೆಕೆಳಗು ಮಾಡುವ ಪೋಲಾರಿಟಿ ಬಟನ್ ಒತ್ತಿ ನೋಡಿ. ಸಿಂತ್ ಬೇಸ್ ಆಗಿದ್ದು, ಪ್ರತಿ ನೋಟಿಗೂ ಅದರ ಅಲೆ ಒಂದೇ ಜಾಗದಿಂದ ಶುರುವಾಗುತ್ತಿದ್ದರೆ ಈ ಒಂದು ಬಟನ್ನೇ ಕೆಲಸ ಮುಗಿಸಬಹುದು. ಕೈಯಲ್ಲಿ ನುಡಿಸಿದ ಬೇಸಿನಲ್ಲಿ ಅಷ್ಟು ಸಲೀಸಲ್ಲ. ಪ್ರತಿ ಸಲ ಬೆರಳು ಬೀಳುವ ಹೊತ್ತು ಒಂದೆರಡು ಮಿಲಿಸೆಕೆಂಡಾದರೂ ಆಚೀಚೆ ಆಗುತ್ತದೆ. ಒಂದು ಹೊಡೆತ ಚೆನ್ನಾದರೆ ಇನ್ನೊಂದು ಕೆಡುತ್ತದೆ. ನಮ್ಮ ಹಾಡಿನಲ್ಲಿ ಎರಡೂ ಸೇರಿದಾಗ ಎತ್ತರ ಸುಮಾರು 3 ಡೆಸಿಬಲ್ ಏರಿತು, ಪೋಲಾರಿಟಿ ತಿರುಗಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅಂದರೆ ಶಕ್ತಿ ಇದೆ, ಕೇಳುತ್ತಿಲ್ಲ. ಇದು ಮಾಸ್ಕಿಂಗೇ.

## ಮೂರನೇ ಹೆಜ್ಜೆ: ಅನಲೈಸರನ್ನು ಕೆಳಗಿನ ಸದ್ದಿಗೆ ಹೊಂದಿಸಿ

ಅನಲೈಸರ್ ತೆರೆದಾಗ ಇರುವ ಸೆಟ್ಟಿಂಗ್ ಸಾಮಾನ್ಯವಾಗಿ ಇಡೀ ಮಿಕ್ಸ್ ನೋಡಲು ಇರುವಂಥದ್ದು. ಕಿಕ್ ಮತ್ತು ಬೇಸ್ ನೋಡಲು ಅದು ಸಾಲದು. ನಾನು ಬಳಸುವುದು ಉಚಿತವಾಗಿ ಸಿಗುವ SPAN. ನಿಮ್ಮದು ಬೇರೆಯಾದರೂ ಇದೇ ಗುಂಡಿಗಳು ಒಂದಲ್ಲ ಒಂದು ಹೆಸರಿನಲ್ಲಿ ಇರುತ್ತವೆ.

ಮುಖ್ಯವಾದದ್ದು `Block Size`. ಅನಲೈಸರ್ ಸದ್ದನ್ನು ತುಂಡು ತುಂಡು ಮಾಡಿ ಅಳೆಯುತ್ತದೆ. ತುಂಡು ದೊಡ್ಡದಾದಷ್ಟೂ ಫ್ರೀಕ್ವೆನ್ಸಿಯನ್ನು ಸಣ್ಣದಾಗಿ ಬಿಡಿಸಿ ತೋರಿಸುತ್ತದೆ. ಸೆಕೆಂಡಿಗೆ 48000 ಸ್ಯಾಂಪಲ್ ಇದ್ದರೆ, ಅದನ್ನು ತುಂಡಿನ ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿ. ಲೆಕ್ಕ ಇಷ್ಟೇ:

```
48000 / 2048  = 23.4 Hz
48000 / 8192  = 5.9 Hz
48000 / 16384 = 2.9 Hz
```

2048 ಇಟ್ಟರೆ ಅನಲೈಸರಿನ ಒಂದು ಮನೆ 23 ಹರ್ಟ್ಸ್ ಅಗಲ. ಎಫ್ ಸ್ವರದ 44, ಎ ಸ್ವರದ 55, ಕಿಕ್ಕಿನ 58, ಸಿ ಸ್ವರದ 65, ಎಲ್ಲ ಸೇರಿ ಒಂದೇ ಗುಡ್ಡವಾಗಿ ಕಾಣುತ್ತವೆ. ಆ ಗುಡ್ಡ ನೋಡಿ ಏನನ್ನೂ ತೀರ್ಮಾನಿಸಲಾಗದು.

ಹಾಗಂತ ತುಂಬಾ ದೊಡ್ಡದು ಮಾಡಿದರೂ ಕಷ್ಟ. 16384 ಅಂದರೆ ಒಂದು ತುಂಡು 341 ಮಿಲಿಸೆಕೆಂಡ್ ಉದ್ದ. ನಮ್ಮ ಕಿಕ್ ಬದುಕುವುದೇ ಸುಮಾರು 180 ಮಿಲಿಸೆಕೆಂಡ್. ತುಂಡಿನ ಉಳಿದ ಅರ್ಧ ಖಾಲಿ. ಹಾಗಾಗಿ ಕಿಕ್ ಇರುವುದಕ್ಕಿಂತ ಕುಳ್ಳಗೆ ಕಾಣುತ್ತದೆ. ಎಡೆಬಿಡದೆ ಓಡುವ ಬೇಸ್ ಮಾತ್ರ ಪೂರ್ತಿ ಎತ್ತರಕ್ಕೆ ಕಾಣುತ್ತದೆ. ಆ ಚಿತ್ರ ನಂಬಿ ಬೇಸ್ ಜಾಸ್ತಿಯಾಗಿದೆ ಅಂತ ಇಳಿಸಿದರೆ ತಪ್ಪು ಮಾಡಿದಂತೆ. 8192 ನಡುವಿನ ದಾರಿ. ತುಂಡು 171 ಮಿಲಿಸೆಕೆಂಡ್, ಕಿಕ್ಕಿನ ಉದ್ದಕ್ಕೆ ಹತ್ತಿರ. ನಾನು ಅಲ್ಲೇ ನಿಲ್ಲುತ್ತೇನೆ.

8192ರಲ್ಲೂ 55 ಮತ್ತು 58 ಬೇರೆ ಬೇರೆ ಶಿಖರಗಳಾಗಿ ಕಾಣುವುದಿಲ್ಲ. ಆದ್ದರಿಂದ ಎರಡೂ ಸೇರಿದ ಬಸ್ ಮೇಲೆ ನೋಡಿ ಇವನ್ನು ಬಿಡಿಸಲು ಹೋಗಬೇಡಿ. ಕಿಕ್ ಟ್ರ್ಯಾಕಿಗೊಂದು, ಬೇಸ್ ಟ್ರ್ಯಾಕಿಗೊಂದು ಅನಲೈಸರ್ ಹಾಕಿ. ಎರಡರಲ್ಲೂ ಒಂದೇ ಸೆಟ್ಟಿಂಗ್ ಇರಲಿ. ಎರಡು ಕಿಟಕಿಗಳನ್ನು ಮೇಲೆ ಕೆಳಗೆ ಜೋಡಿಸಿಕೊಳ್ಳಿ. ಕೆಲವು ಇಕ್ಯೂಗಳು ಇನ್ನೊಂದು ಟ್ರ್ಯಾಕಿನ ಗೆರೆಯನ್ನೂ ಹಿಂದೆ ತೋರಿಸಿ, ಡಿಕ್ಕಿಯಾಗುವಲ್ಲಿ ಕೆಂಪು ಬಣ್ಣ ಹಚ್ಚುತ್ತವೆ. ಅನುಕೂಲವೇ. ಆದರೆ ಆ ಕೆಂಪು ತೋರಿಸುವುದೂ ಶಕ್ತಿಯ ಲೆಕ್ಕವನ್ನೇ, ನಿಮ್ಮ ಕಿವಿಯ ದೂರನ್ನಲ್ಲ.

ಇನ್ನು ಚಿಕ್ಕವು. ಅಡ್ಡ ಗೆರೆಯ ವ್ಯಾಪ್ತಿಯನ್ನು 20ರಿಂದ 500 ಹರ್ಟ್ಸ್‌ಗೆ ಇಳಿಸಿ, ಉಳಿದದ್ದು ಈಗ ಬೇಡ. `Slope` ಅಂದರೆ ಚಿತ್ರವನ್ನು ಓರೆಯಾಗಿಸುವ ಗುಂಡಿ. SPAN ಇದನ್ನು ಆಕ್ಟೇವಿಗೆ 4.5 ಡೆಸಿಬಲ್‌ಗೆ ಇಟ್ಟುಕೊಂಡೇ ತೆರೆಯುತ್ತದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಕಿಕ್ ಮತ್ತು ಬೇಸ್ ಹೋಲಿಸುವಾಗ ಅದರಿಂದ ತೊಂದರೆ ಇಲ್ಲ, ಎರಡೂ ಅಷ್ಟೇ ಏರಿರುತ್ತವೆ. ಬೇಸಿನ 55 ಎಷ್ಟು, ಅದರದೇ 110 ಎಷ್ಟು ಎಂದು ಅಳೆಯುವಾಗ ಮಾತ್ರ 110 ನಿಜಕ್ಕಿಂತ 4.5 ಡೆಸಿಬಲ್ ಎತ್ತರಕ್ಕೆ ಕಾಣುತ್ತದೆ. ಆಗ `Slope` ಸೊನ್ನೆ ಮಾಡಿ ನೋಡಿ.

## ನಾಲ್ಕನೇ ಹೆಜ್ಜೆ: ಇಬ್ಬರ ವಿಳಾಸ ಬರೆದುಕೊಳ್ಳಿ

ಕಿಕ್ ಒಂದನ್ನೇ ಓಡಿಸಿ. ಗೆರೆ ಹಾರುತ್ತಿದ್ದರೆ ಓದಲಾಗದು, ಹಾಗಾಗಿ ಅತಿ ಎತ್ತರವನ್ನು ಹಿಡಿದಿಡುವ ಮೋಡ್ ಹಾಕಿ. ನಮ್ಮ ಕಿಕ್ಕಿನಲ್ಲಿ ಮುಖ್ಯ ಶಿಖರ 58 ಹರ್ಟ್ಸ್‌ನಲ್ಲಿದೆ. ಅದು ಚೂಪಾಗಿಲ್ಲ, 50ರಿಂದ 75ರವರೆಗೆ ಅಗಲವಾಗಿದೆ. ಕಿಕ್ಕಿನ ಸ್ವರ ಮೇಲಿನಿಂದ ಜಾರಿ ಕೆಳಗೆ ಇಳಿಯುತ್ತದೆ, ಆ ಜಾಡು ಪೂರ್ತಿ ಗುಡ್ಡವಾಗಿ ಕಾಣುತ್ತದೆ. ಇದಲ್ಲದೆ 115ರ ಸುತ್ತ ಎರಡನೇ ಉಬ್ಬು ಒಂದಿದೆ, ಮೊದಲನೆಯದಕ್ಕಿಂತ ಸುಮಾರು 7 ಡೆಸಿಬಲ್ ಕೆಳಗೆ. ಅದನ್ನು ಮರೆಯಬೇಡಿ, ನಿಜವಾದ ಕಳ್ಳ ಅವನೇ ಅಂತ ಆಮೇಲೆ ಗೊತ್ತಾಗುತ್ತದೆ.

ಬೇಸನ್ನು ಹಾಗೆ ಒಟ್ಟಾಗಿ ನೋಡಬೇಡಿ. ನಾಲ್ಕು ಕಾರ್ಡ್‌ಗಳ ಸರಾಸರಿ ತೆಗೆದರೆ ಮತ್ತೆ ಗುಡ್ಡವೇ ಸಿಗುತ್ತದೆ. ಒಂದೊಂದೇ ಸ್ವರವನ್ನು ಲೂಪ್ ಮಾಡಿ, `Avg Time` ಸ್ವಲ್ಪ ಹೆಚ್ಚಿಸಿ, ಗೆರೆ ನಿಂತ ಮೇಲೆ ಓದಿ. ಎ ಸ್ವರ 55 ಹರ್ಟ್ಸ್, ಅದರ ಎರಡನೇ ಹಾರ್ಮೋನಿಕ್, ಅಂದರೆ ಎರಡು ಪಟ್ಟು ಫ್ರೀಕ್ವೆನ್ಸಿಯಲ್ಲಿ ಜೊತೆಗೇ ಮೊಳಗುವ ಸದ್ದು, 110. ಎಫ್ 43.7 ಮತ್ತು 87. ಸಿ 65.4 ಮತ್ತು 131. ಜಿ 49 ಮತ್ತು 98.

ಈಗ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಡಿ. ಎ ಸ್ವರದ ಬುಡ ಕಿಕ್ಕಿನ 58ರ ಗುಡ್ಡದೊಳಗಿದೆ. ಅದರ ಎರಡನೇ ಹಾರ್ಮೋನಿಕ್ 110, ಕಿಕ್ಕಿನ 115ರ ಉಬ್ಬಿನೊಳಗಿದೆ. ಅಂದರೆ ಈ ಸ್ವರಕ್ಕೆ ತಪ್ಪಿಸಿಕೊಳ್ಳಲು ಎರಡೂ ಬಾಗಿಲು ಮುಚ್ಚಿವೆ. ಎಫ್ ಸ್ವರದ 44 ಗುಡ್ಡದ ಹೊರಗಿದೆ, 87 ಎರಡು ಉಬ್ಬುಗಳ ನಡುವಿನ ಕಣಿವೆಯಲ್ಲಿ ಬೀಳುತ್ತದೆ. ಅದಕ್ಕೇ ಎಫ್ ಕೇಳುತ್ತದೆ, ಎ ಕೇಳುವುದಿಲ್ಲ. ಕಿವಿ ಕೊಟ್ಟ ದೂರು, ಪರದೆ ಕೊಟ್ಟ ವಿಳಾಸ ಒಂದಕ್ಕೊಂದು ತಾಳೆಯಾದವು. ತಾಳೆಯಾಗದೆ ಹೋದರೆ ಮುಂದೆ ಹೋಗಬೇಡಿ, ಮೊದಲ ಹೆಜ್ಜೆಗೆ ವಾಪಸ್ ಬನ್ನಿ.

## ಐದನೇ ಹೆಜ್ಜೆ: ಜಾಗ ಹಂಚಿ

ಕೈಗೆ ಮೊದಲು ಬರುವ ಉಪಾಯ, ಬೇಸಿನಲ್ಲಿ 58 ಹರ್ಟ್ಸ್ ಕತ್ತರಿಸುವುದು. ನಮ್ಮ ಹಾಡಿಗೆ ಇದು ಕೆಟ್ಟ ಉಪಾಯ. 58ರ ಸುತ್ತ ಗಂಟೆಯ ಆಕಾರದಲ್ಲಿ ಏರಿಸುವ ಇಳಿಸುವ ಬೆಲ್ ಇಕ್ಯೂ ಹಾಕಿ 5 ಡೆಸಿಬಲ್ ಇಳಿಸಿದರೆ ಎ ಮತ್ತು ಸಿ ಸ್ವರಗಳ ಬುಡ ಸೊರಗುತ್ತದೆ, ಎಫ್ ಹಾಗೇ ಇರುತ್ತದೆ. ಕಾರ್ಡ್ ಬದಲಾದಾಗಲೆಲ್ಲ ಬೇಸಿನ ದಪ್ಪ ಬದಲಾಗುತ್ತದೆ. ಅಷ್ಟೇ ಅಲ್ಲ, ಕಿಕ್ ಇಲ್ಲದ ಹೊತ್ತಿನಲ್ಲೂ ಬೇಸ್ ಬಡಕಲಾಗಿ ಕೇಳುತ್ತದೆ. ಬೇಸ್ ಒಂದೇ ಸ್ವರದಲ್ಲಿ ನಿಂತಿರುವ ಹಾಡಿಗಾದರೆ ಇದು ನಡೆಯುತ್ತದೆ. ಸ್ವರ ಓಡಾಡುವ ಹಾಡಿಗೆ ನಡೆಯುವುದಿಲ್ಲ.

ಹಾಗಾಗಿ ಎರಡು ಜಾಗಗಳಿಗೆ ಎರಡು ಬೇರೆ ಔಷಧಿ.

ಮೊದಲು ಸುಲಭದ್ದು. ಕಿಕ್ಕಿನ 115ರ ಉಬ್ಬು ಕಿಕ್ಕಿಗೆ ಅಷ್ಟೇನೂ ಬೇಕಿಲ್ಲ. ಕಿಕ್ಕಿನ ಗುದ್ದು ಇರುವುದು 58ರಲ್ಲಿ, ಬೀಟರ್ ಬಡಿದ ಟಕ್ ಎನ್ನುವ ಸದ್ದು ಕೆಲವು ಸಾವಿರ ಹರ್ಟ್ಸ್‌ನಲ್ಲಿ. ಕಿಕ್ ಟ್ರ್ಯಾಕಿನಲ್ಲಿ 115 ಹರ್ಟ್ಸ್, ಬೆಲ್ಲಿನ ಅಗಲ ಹೇಳುವ ಕ್ಯೂ 1.5, 3 ಡೆಸಿಬಲ್ ಇಳಿಕೆ. ಬೇಸಿನಲ್ಲಿ 107 ಹರ್ಟ್ಸ್ ಸುತ್ತ ಅಗಲವಾದ ಬೆಲ್, ಕ್ಯೂ 0.7, ಒಂದೂವರೆ ಡೆಸಿಬಲ್ ಏರಿಕೆ. 107 ಯಾಕೆಂದರೆ ನಾಲ್ಕು ಸ್ವರಗಳ ಎರಡನೇ ಹಾರ್ಮೋನಿಕ್‌ಗಳು 87ರಿಂದ 131ರವರೆಗೆ ಹರಡಿವೆ, ಇದು ಅವುಗಳ ನಡುಮಧ್ಯ. ಅಗಲವಾಗಿರುವುದರಿಂದ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮನಾಗಿ ಏರುತ್ತವೆ.

ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಕೆಲಸ ಇಲ್ಲೇ ಆಗಿಹೋಯಿತು. ಎಲ್ಲರೂ 58ರಲ್ಲಿ ಜಗಳ ನೋಡುತ್ತಾರೆ, ಶಿಖರ ಎತ್ತರವಾಗಿ ಕಾಣುವುದು ಅಲ್ಲಿ. ಆದರೆ ಬೇಸ್ ಯಾವ ಸ್ವರ ನುಡಿಸುತ್ತಿದೆ ಎಂದು ಕಿವಿ ಗುರುತಿಸುವುದು ಬುಡದಿಂದ ಮಾತ್ರವಲ್ಲ, ಅದರ ಹಾರ್ಮೋನಿಕ್‌ಗಳಿಂದಲೂ. ಬುಡವೇ ಇಲ್ಲದಿದ್ದರೂ 110, 165, 220 ಕೇಳಿದರೆ ಮಿದುಳು 55ರ ಸ್ವರ ಎಂದು ಕಟ್ಟಿಕೊಳ್ಳುತ್ತದೆ. ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳುವುದೇ ಹೀಗೆ, ಅದರಲ್ಲಿ 55 ಹರ್ಟ್ಸ್ ಬರುವುದೇ ಇಲ್ಲ. ಬೇಸಿಗೆ ಒಂದು ಚಿಟಿಕೆ ಸ್ಯಾಚುರೇಷನ್, ಅಂದರೆ ಹದವಾದ ಡಿಸ್ಟಾರ್ಷನ್, ಹಾಕಿದರೆ ಈ ಹಾರ್ಮೋನಿಕ್‌ಗಳು ಇನ್ನಷ್ಟು ಹೊರಬರುತ್ತವೆ. ಹಾಕಿದ ಮೇಲೆ ಅನಲೈಸರಿನಲ್ಲಿ 165 ಮತ್ತು 220 ಎಷ್ಟು ಎದ್ದಿವೆ ಎಂದು ನೋಡಿಕೊಳ್ಳಿ. ಬೇಸ್ ಗರಗರ ಅನ್ನತೊಡಗಿದರೆ ಮಿತಿ ದಾಟಿದಿರಿ.

ಇನ್ನು 58ರ ಜಗಳ. ಇದನ್ನು ಫ್ರೀಕ್ವೆನ್ಸಿಯಲ್ಲಿ ಹಂಚಲಾಗದು, ಸಮಯದಲ್ಲಿ ಹಂಚಬೇಕು. ಕಿಕ್ ಬಡಿದ ಆ ಹೊತ್ತು ಮಾತ್ರ ಬೇಸಿನ ಕೆಳಭಾಗ ಬಗ್ಗಲಿ, ಆಮೇಲೆ ಏಳಲಿ. ಬೇಸ್ ಮೇಲೆ ಡೈನಾಮಿಕ್ ಇಕ್ಯೂ ಅಥವಾ ಮಲ್ಟಿಬ್ಯಾಂಡ್ ಕಂಪ್ರೆಸರ್ ಹಾಕಿ, ಅದು ಯಾವಾಗ ಬಗ್ಗಬೇಕೆಂದು ಹೇಳುವ ಸೈಡ್‌ಚೈನ್‌ಗೆ ಕಿಕ್ ಕೊಡಿ. 85 ಹರ್ಟ್ಸ್‌ಗಿಂತ ಕೆಳಗಿನ ಭಾಗ ಮಾತ್ರ ಬಗ್ಗುವಂತೆ ಇಡಿ. ಅಷ್ಟಾದರೆ ನಾವು ಈಗಷ್ಟೇ ಎತ್ತಿದ ಎರಡನೇ ಹಾರ್ಮೋನಿಕ್ ಹಾಗೇ ಉಳಿಯುತ್ತದೆ. ಕಿಕ್ ಬಿದ್ದಾಗ 4 ಡೆಸಿಬಲ್ ಇಳಿದರೆ ಸಾಕು.

ಹೊತ್ತಿನ ಲೆಕ್ಕ ಹೀಗೆ. ನಿಮಿಷಕ್ಕೆ 96 ಬೀಟ್ ಅಂದರೆ ಒಂದು ಬೀಟ್ 625 ಮಿಲಿಸೆಕೆಂಡ್, ಎಂಟನೇ ನೋಟು 312. ಕಿಕ್ 180 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಆದರೆ ಅದರ ಜೋರು ಇರುವುದು ಮೊದಲ ಅರ್ಧದಲ್ಲಿ. ರಿಲೀಸ್, ಅಂದರೆ ಬಗ್ಗಿದ್ದು ಮತ್ತೆ ಏಳಲು ಹಿಡಿಯುವ ಹೊತ್ತು, 100 ಮಿಲಿಸೆಕೆಂಡ್ ಇಟ್ಟರೆ ಮುಂದಿನ ನೋಟು ಬರುವಷ್ಟರಲ್ಲಿ ಬೇಸ್ ಎದ್ದು ನಿಂತಿರುತ್ತದೆ. 300ಕ್ಕೆ ಇಟ್ಟರೆ ಮುಂದಿನ ನೋಟೂ ಬಗ್ಗಿಯೇ ಶುರುವಾಗಿ, ಇಡೀ ಹಾಡು ಉಸಿರಾಡಿದಂತೆ ಕೇಳುತ್ತದೆ. ಕುಣಿಯುವ ಹಾಡಿಗೆ ಅದು ಬೇಕಾಗಿರಬಹುದು, ಇಲ್ಲಿ ಬೇಡ. ರಿಲೀಸ್ ತೀರ ಕಡಿಮೆ ಮಾಡುವುದೂ ತಪ್ಪು. 55 ಹರ್ಟ್ಸ್‌ನ ಒಂದು ಅಲೆಗೆ 18 ಮಿಲಿಸೆಕೆಂಡ್ ಬೇಕು. ಕಂಪ್ರೆಸರ್ ಅದಕ್ಕಿಂತ ವೇಗವಾಗಿ ಏಳುಬೀಳು ಮಾಡಿದರೆ ಅಲೆಯ ಆಕಾರವನ್ನೇ ಕೆತ್ತಿಬಿಡುತ್ತದೆ, ಅದು ಒಡಕು ಸದ್ದಾಗಿ ಕೇಳುತ್ತದೆ. ಅಟ್ಯಾಕ್, ಅಂದರೆ ಬಗ್ಗಲು ಹಿಡಿಯುವ ಹೊತ್ತು, 5 ಮಿಲಿಸೆಕೆಂಡ್ ಸಾಕು. ಶುರುವಿನಲ್ಲೇ ಚಟ್ ಎಂಬ ಸದ್ದು ಬಂದರೆ 10ಕ್ಕೆ ಏರಿಸಿ.

## ಸರಿಯಾಯಿತೋ ಇಲ್ಲವೋ ನೋಡುವುದು

ಎಲ್ಲ ಪ್ಲಗಿನ್‌ಗಳನ್ನೂ ಒಟ್ಟಿಗೆ ಆನ್ ಆಫ್ ಮಾಡಿ ಹೋಲಿಸಿ. ಆದರೆ ಅದಕ್ಕೆ ಮೊದಲು ಎರಡೂ ಸ್ಥಿತಿಗಳ ಒಟ್ಟು ಜೋರನ್ನು ಸಮ ಮಾಡಿಕೊಳ್ಳಿ. ಒಂದು ಡೆಸಿಬಲ್ ಜೋರಾಗಿರುವುದು ಕೂಡ ಕಿವಿಗೆ ಚೆನ್ನಾಗಿರುವಂತೆ ಕೇಳುತ್ತದೆ, ಆಮೇಲೆ ನಾವು ಮೋಸಹೋಗುತ್ತೇವೆ. ಸೋಲೋ ಒತ್ತಬೇಡಿ. ಸೋಲೋದಲ್ಲಿ ಈಗ ಕಿಕ್ ಸ್ವಲ್ಪ ಟೊಳ್ಳಾಗಿ, ಬೇಸ್ ಸ್ವಲ್ಪ ಮೂಗಿನಲ್ಲಿ ಮಾತಾಡಿದಂತೆ ಕೇಳುತ್ತದೆ. ಅದು ಹಾಗೇ ಇರಬೇಕು.

ಮತ್ತೆ ಗುನುಗಿ ನೋಡಿ. ಎ ಸ್ವರ ಈಗ ಸಿಗುತ್ತದೆಯೇ? ಫೋನಿನಲ್ಲೂ ಕೇಳಿ. ನಮ್ಮ ಹಾಡಿನಲ್ಲಿ ಒಂದು ಮಜಾ ಆಯಿತು. ಇಷ್ಟು ಮಾಡಿದ ಮೇಲೆ ಬೇಸ್ ಫೇಡರನ್ನು 1 ಡೆಸಿಬಲ್ ಇಳಿಸಬೇಕಾಯಿತು. ಕೇಳುತ್ತಿಲ್ಲ ಎಂದು ಮೊದಲು ಏರಿಸಿದ್ದು ಈಗ ಜಾಸ್ತಿ ಅನ್ನಿಸತೊಡಗಿತ್ತು. ಮಾಸ್ಕಿಂಗ್ ಬಿಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ. ಫೇಡರ್ ಇನ್ನೂ ಮೇಲಕ್ಕೇ ಬೇಕು ಅನ್ನಿಸುತ್ತಿದ್ದರೆ, ಕತ್ತರಿಸಿದ್ದು ತಪ್ಪು ಜಾಗದಲ್ಲಿ.

ಅನಲೈಸರಿನಲ್ಲಿ ನೋಡಿದರೆ ಎರಡು ಗೆರೆಗಳು ಈಗಲೂ ಒಂದರ ಮೇಲೊಂದು ಇರುತ್ತವೆ. 58ರಲ್ಲಿ ಕಿಕ್ ಸ್ವಲ್ಪ ಮೇಲೆ, 110ರಲ್ಲಿ ಬೇಸ್ ಸ್ವಲ್ಪ ಮೇಲೆ, ಅಷ್ಟೇ ವ್ಯತ್ಯಾಸ. ಬೇಕಾದದ್ದೂ ಅಷ್ಟೇ. ಗೆರೆಗಳನ್ನು ಪೂರ್ತಿ ಬೇರೆ ಮಾಡಲು ಹೊರಟರೆ ಎರಡು ವಾದ್ಯಗಳೂ ಸಾಯುತ್ತವೆ.

ಒಮ್ಮೊಮ್ಮೆ ಇದ್ಯಾವುದೂ ಬೇಕಾಗುವುದಿಲ್ಲ. ಕಿಕ್ ಸ್ಯಾಂಪಲ್ ಆಗಿದ್ದರೆ ಅದರ ಪಿಚ್ಚನ್ನು ಒಂದೆರಡು ಸೆಮಿಟೋನ್ ಇಳಿಸಿ, ಇಲ್ಲವೇ ಬಾಲವನ್ನು ಕತ್ತರಿಸಿ 120 ಮಿಲಿಸೆಕೆಂಡ್ ಮಾಡಿ ನೋಡಿ. ಅಥವಾ ಬೇಸ್ ನುಡಿಸಿದವರನ್ನೇ ಕೇಳಿ ಎ ಸ್ವರವನ್ನು ಒಂದು ಆಕ್ಟೇವ್ ಮೇಲೆ, 110ರಲ್ಲಿ ನುಡಿಸಿಕೊಳ್ಳಿ. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಪ್ಲಗಿನ್ ಗೀಳಿನಲ್ಲಿ ನಾವು ಇದನ್ನೇ ಮರೆಯುತ್ತೇವೆ.

## ಗಿಟಾರ್ ಮತ್ತು ಗಾಯನವಾದರೆ

ಗುನುಗುವ ಬದಲು ಇಲ್ಲಿ ಪರೀಕ್ಷೆ ಮಾತಿನದು. ಸಾಹಿತ್ಯ ಗೊತ್ತಿಲ್ಲದವರಿಗೆ ಮೆಲ್ಲಗೆ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಬರೆಯಲು ತಡವರಿಸಿದ ಪದಗಳನ್ನು ಮಾತ್ರ ಲೂಪ್ ಮಾಡಿ, ಗಿಟಾರ್ ಮ್ಯೂಟ್ ಮಾಡಿ ಹೋಲಿಸಿ.

ಜಗಳ ನಡೆಯುವ ಜಾಗ ಸಾಮಾನ್ಯವಾಗಿ 1,000ದಿಂದ 4,000 ಹರ್ಟ್ಸ್. ವ್ಯಂಜನಗಳ ಸ್ಪಷ್ಟತೆ ಬಹಳ ಮಟ್ಟಿಗೆ ಅಲ್ಲಿದೆ, ಡಿಸ್ಟಾರ್ಷನ್ ಹಾಕಿದ ಗಿಟಾರಿನ ಮೊನಚೂ ಅಲ್ಲೇ. ಅನಲೈಸರಿಗೆ 2048 ಅಥವಾ 4096 ಸಾಕು, ಇಲ್ಲಿ 23 ಹರ್ಟ್ಸ್ ಅಗಲದ ಮನೆ ಸಣ್ಣದೇ. ವ್ಯಂಜನಗಳು ಕ್ಷಣದಲ್ಲಿ ಬಂದು ಹೋಗುವುದರಿಂದ ಚಿಕ್ಕ ತುಂಡೇ ಒಳ್ಳೆಯದು. ಗಾಯನದ ಸರಾಸರಿ ಗೆರೆ ನೋಡಿದರೆ ಸ್ವರಾಕ್ಷರಗಳೇ ತುಂಬಿ, ವ್ಯಂಜನಗಳು ಮುಚ್ಚಿಹೋಗುತ್ತವೆ. ಹಾಗಾಗಿ ಅತಿ ಎತ್ತರ ಹಿಡಿಯುವ ಮೋಡಿನಲ್ಲೇ ನೋಡಿ.

ಬಗ್ಗಬೇಕಾದದ್ದು ಗಿಟಾರ್. ಡಿಕ್ಕಿಯ ಜಾಗ, ಅಂದರೆ 2,500ರ ಸುತ್ತ ಅಂದುಕೊಳ್ಳಿ, ಅಲ್ಲಿ ಅಗಲವಾಗಿ 2ರಿಂದ 3 ಡೆಸಿಬಲ್. ಸೈಡ್‌ಚೈನ್‌ಗೆ ಗಾಯನ ಕೊಟ್ಟರೆ ಹಾಡುವಾಗ ಮಾತ್ರ ಬಗ್ಗಿ, ಸಾಲಿನ ಕೊನೆಯಲ್ಲಿ ಗಿಟಾರ್ ತನ್ನ ಮೊನಚಿನೊಂದಿಗೆ ವಾಪಸ್ ಬರುತ್ತದೆ. ರಿಲೀಸ್ ಇಲ್ಲಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿರಲಿ, ಇಲ್ಲವಾದರೆ ಪ್ರತಿ ಅಕ್ಷರಕ್ಕೂ ಗಿಟಾರ್ ಪಟಪಟ ಅಲುಗುವುದು ಕೇಳಿಸುತ್ತದೆ. ಸ್ಟೀರಿಯೋದಲ್ಲಿ ಎರಡು ಗಿಟಾರ್‌ಗಳನ್ನು ಎಡಕ್ಕೂ ಬಲಕ್ಕೂ ಸರಿಸಿದರೆ ಗಾಯನ ತಾನಾಗೇ ತೆರೆದುಕೊಳ್ಳುತ್ತದೆ. ಆದರೆ ಮೋನೋದಲ್ಲಿ ಆ ಲಾಭ ಪೂರ್ತಿ ಹೋಗುತ್ತದೆ. ಆದ್ದರಿಂದ ಮೊದಲು ಮೋನೋದಲ್ಲಿ ಜಗಳ ಬಿಡಿಸಿ, ಪ್ಯಾನ್ ಆಮೇಲೆ.